ರಕ್ತದ ಜಾಗದಲ್ಲಿ ಬಣ್ಣ

ನಮ್ಮ ಚಿಕ್ಕಮ್ಮನಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಚಿಕ್ಕವರಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ತಂದು, ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು, ಅಜ್ಜಿಯ ಹತ್ತಿರ ಬೈಸಿಕೊಂಡವರು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಮೇಲೆ ಇಂಗ್ಲಿಷ್ ಪುಸ್ತಕಗಳ ಕಡೆ ಹೊರಳಿದ್ದಾರೆ. ಅವರ ಷರತ್ತು ಮಾತ್ರ ಬದಲಾಗಿಲ್ಲ. "ತಿರುವು ಎಷ್ಟು ಬೇಕಾದ್ರೂ ಇರಲಿ ಕಣೇ. ಕೊಯ್ಯೋದು, ಕಡಿಯೋದು ನನ್ನ ಕಣ್ಣೆದುರಿಗೆ ಬೇಡ." ಸಾವು ಅಂದರೆ ಅವರಿಗೆ ಹೆದರಿಕೆ ಇಲ್ಲ. ಮನೆಯಲ್ಲಿ ಎಷ್ಟೋ ಸಾವುಗಳನ್ನು ಹತ್ತಿರದಿಂದ ನೋಡಿದ್ದಾರೆ. ಓದಿದ ಚಿತ್ರ ತಲೆಯಲ್ಲಿ ಉಳಿದುಬಿಡುತ್ತದೆ, ಊಟಕ್ಕೆ ಕೂತಾಗ ನೆನಪಾಗುತ್ತದೆ ಅನ್ನುವುದು ಅವರ ತಕರಾರು. ನನ್ನದೂ ಅದೇ.

ಇದು ಸುಲಭದ ಬೇಡಿಕೆ ಅಂತ ಕಾಣುತ್ತದೆ, ಅಲ್ವಾ? ಪುಸ್ತಕದಂಗಡಿಗೆ ಹೋದರೆ ಕಷ್ಟ ಗೊತ್ತಾಗುತ್ತದೆ. ಒಂದು ಕಡೆ 'ಕೋಜಿ' ಅನ್ನುವ ಸಾಲು. ಮುಖಪುಟದ ಮೇಲೆ ಬೆಕ್ಕು, ಕೇಕು, ಉಣ್ಣೆಯ ಉಂಡೆ. ರಕ್ತ ಇರುವುದಿಲ್ಲ ನಿಜ, ಆದರೆ ಅನೇಕ ಸಲ ಕಥೆಯೂ ಸಪ್ಪೆ. ಅರ್ಧಕ್ಕೆ ಬರುವಷ್ಟರಲ್ಲಿ ಯಾರು ಮಾಡಿದ್ದು ಅಂತ ಚಿಕ್ಕಮ್ಮ ಹೇಳಿಬಿಡುತ್ತಾರೆ. ಇನ್ನೊಂದು ಕಡೆ ಕಪ್ಪು ಮುಖಪುಟದ ಥ್ರಿಲ್ಲರ್ ಸಾಲು. ಅಲ್ಲಿ ತಿರುವುಗಳಿಗೆ ಕೊರತೆ ಇಲ್ಲ, ಆದರೆ ಮೂರನೇ ಪುಟದಲ್ಲೇ ನೆಲಮಾಳಿಗೆ, ಸರಪಳಿ, ಚಾಕು. ಎರಡೂ ಸಾಲು ನೋಡಿದವರಿಗೆ ಜಾಣ ಕಥೆ ಬೇಕಾದರೆ ರಕ್ತ ಸಹಿಸಿಕೊಳ್ಳಲೇಬೇಕೇನೋ ಅನ್ನಿಸಿಬಿಡುತ್ತದೆ.

ಹಾಗೇನೂ ಇಲ್ಲ ಅಂತ ನನಗೆ ಖಾತ್ರಿಯಾದದ್ದು ಒಂದು ಹಳೆಯ ಪುಸ್ತಕದಿಂದ. ಅದರಲ್ಲಿ ರಕ್ತವನ್ನು ತೆಗೆದುಹಾಕಿದ್ದಕ್ಕೇ ತಿರುವು ಹುಟ್ಟಿದೆ. ವಿಲ್ಕಿ ಕಾಲಿನ್ಸ್ ಬರೆದ 'ದ ಮೂನ್‌ಸ್ಟೋನ್', 1868. ಕೊನೆಯ ಗುಟ್ಟನ್ನು ಇಲ್ಲಿ ಬಿಡುವುದಿಲ್ಲ, ಹೆದರಬೇಡಿ. ನಾನು ಹೇಳಹೊರಟಿರುವುದು ಪುಸ್ತಕದ ಮೊದಲ ಭಾಗದಲ್ಲೇ ಬರುವ, ಬಟ್ಟೆಗಾದ ಒಂದು ಕಲೆಯ ಬಗ್ಗೆ.

ಕಾಣೆಯಾದ ನೈಟ್‌ಗೌನ್

ಮೊದಲು ನಿಜವಾಗಿ ನಡೆದದ್ದು. 1860ರ ಜೂನ್ ತಿಂಗಳ ಕೊನೆ. ಇಂಗ್ಲೆಂಡಿನ ರೋಡ್ ಅನ್ನುವ ಹಳ್ಳಿಯ ಒಂದು ದೊಡ್ಡ ಮನೆಯಲ್ಲಿ ಸ್ಯಾವಿಲ್ ಕೆಂಟ್ ಅನ್ನುವ ಮೂರು ವರ್ಷದ ಮಗು ರಾತ್ರಿ ಹಾಸಿಗೆಯಿಂದ ಕಾಣೆಯಾಯಿತು. ಬೆಳಿಗ್ಗೆ ಮನೆಯ ಹೊರಗಿನ ಕಕ್ಕಸಿನಲ್ಲಿ ಹೆಣ ಸಿಕ್ಕಿತು. ಹೇಗಿತ್ತು ಅಂತ ಬರೆಯುವುದಿಲ್ಲ. ಸ್ಥಳೀಯ ಪೊಲೀಸರಿಗೆ ಏನೂ ಹೊಳೆಯದೆ ಹೋದಾಗ ಸ್ಕಾಟ್ಲೆಂಡ್ ಯಾರ್ಡಿನಿಂದ ಜೊನಾಥನ್ ವಿಚರ್ ಅನ್ನುವ ಅಧಿಕಾರಿ ಬಂದರು. ಅವರು ಹಿಡಿದ ಎಳೆ ಒಂದು ಬಟ್ಟೆ. ಮನೆಯ ಹದಿನಾರು ವರ್ಷದ ಮಗಳು, ಮಗುವಿನ ಮಲ ಅಕ್ಕ ಕಾನ್‌ಸ್ಟನ್ಸ್‌ಳ ಒಂದು ನೈಟ್‌ಗೌನ್ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಒಗೆಯಲು ಹಾಕಿದ ಬಟ್ಟೆಗಳ ಪಟ್ಟಿಯಲ್ಲಿ ಅದು ಇತ್ತು, ಕೈಗೆ ಮಾತ್ರ ಸಿಗಲಿಲ್ಲ. ರಕ್ತ ಆಗಿದ್ದರಿಂದ ಸುಟ್ಟಿರಬೇಕು ಅನ್ನುವುದು ವಿಚರ್ ಊಹೆ. ಅವಳನ್ನು ಬಂಧಿಸಿದರು. ಇಲ್ಲದ ಬಟ್ಟೆಯನ್ನು ಸಾಕ್ಷಿ ಅಂತ ತೋರಿಸುವುದು ಹೇಗೆ? ಅವಳನ್ನು ಬಿಡಬೇಕಾಯಿತು. ಒಳ್ಳೆಯ ಮನೆತನದ ಹುಡುಗಿಯ ಮೇಲೆ ಆರೋಪ ಹೊರಿಸಿದ ಅಂತ ಜನ, ಪತ್ರಿಕೆಗಳು ವಿಚರ್ ಮೇಲೆ ಮುಗಿಬಿದ್ದರು. ಐದು ವರ್ಷದ ಮೇಲೆ, 1865ರಲ್ಲಿ, ಕಾನ್‌ಸ್ಟನ್ಸ್ ತಾನೇ ತಪ್ಪೊಪ್ಪಿಕೊಂಡಳು.

ಆ ಕಾಲದ ಇಂಗ್ಲೆಂಡಿನಲ್ಲಿ ಈ ಕಥೆ ಗೊತ್ತಿಲ್ಲದವರಿರಲಿಲ್ಲ. ಕಾಲಿನ್ಸ್‌ಗೂ ಗೊತ್ತಿತ್ತು. 1868ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅವರು ಧಾರಾವಾಹಿಯಾಗಿ ಬರೆದ ಕಾದಂಬರಿಯಲ್ಲಿ ಅದೇ ಸಾಮಾನುಗಳೆಲ್ಲ ಇವೆ. ದೊಡ್ಡ ಮನೆ. ಒಳಗಿನವರೇ ಮಾಡಿರಬೇಕಾದ ಅಪರಾಧ. ದಡ್ಡ ಸ್ಥಳೀಯ ಪೊಲೀಸ್, ಲಂಡನ್ನಿನಿಂದ ಬರುವ ಜಾಣ ಅಧಿಕಾರಿ. ಕಲೆಯಾದ ಒಂದು ಬಟ್ಟೆ, ಒಗೆಯುವ ಬಟ್ಟೆಯ ಲೆಕ್ಕದ ಪುಸ್ತಕ, ಬಾಯಿ ಬಿಡದ ಒಬ್ಬಳು ಹುಡುಗಿ. ಮಗುವಿನ ಕೊಲೆ ಮಾತ್ರ ಇಲ್ಲ. ಅದರ ಜಾಗದಲ್ಲಿ ಒಂದು ವಜ್ರದ ಕಳವು ಇದೆ. ಬಟ್ಟೆಗೆ ಆಗಿರುವ ಕಲೆ ರಕ್ತದ್ದಲ್ಲ, ಬಾಗಿಲಿಗೆ ಬಳಿದ ಹಸಿ ಬಣ್ಣದ್ದು.

ರಕ್ತವನ್ನು ಬಣ್ಣಕ್ಕೆ ಬದಲಾಯಿಸಿದ್ದು ಓದುಗರ ಮನಸ್ಸು ನೋಯಬಾರದು ಅಂತಲೋ ಏನೋ, ನನಗೆ ಗೊತ್ತಿಲ್ಲ. ಆದರೆ ಆ ಒಂದು ಬದಲಾವಣೆ ಕಥೆಗೆ ಏನು ಮಾಡಿದೆ ನೋಡಿ.

ಹನ್ನೆರಡರಿಂದ ಮೂರರ ನಡುವೆ

ರೇಚಲ್ ವೆರಿಂಡರ್ ಅನ್ನುವ ಹುಡುಗಿಯ ಹುಟ್ಟುಹಬ್ಬ. ಉಡುಗೊರೆಯಾಗಿ ದೊಡ್ಡ ವಜ್ರವೊಂದು ಬಂದಿದೆ. ರಾತ್ರಿ ಅದನ್ನು ತನ್ನ ಕೋಣೆಯ ಬೀರುವಿನ ಖಾನೆಯಲ್ಲಿಡುತ್ತಾಳೆ. ಬೀಗ ಇಲ್ಲ. ಬೆಳಿಗ್ಗೆ ನೋಡಿದರೆ ವಜ್ರ ಇಲ್ಲ. ಅದಕ್ಕೂ ಹಿಂದಿನ ಕೆಲವು ದಿನ ರೇಚಲ್ ಮತ್ತು ಅವಳ ಸೋದರ ಸಂಬಂಧಿ ಫ್ರಾಂಕ್ಲಿನ್ ಬ್ಲೇಕ್ ಸೇರಿ ಆ ಕೋಣೆಯ ಬಾಗಿಲಿಗೆ ಚಿತ್ತಾರ ಬರೆಯುತ್ತಿದ್ದರು. ಕಳವಾದ ಮರುದಿನ ಬಾಗಿಲಿನ ಬಣ್ಣ ಬೀಗದ ಕೆಳಗೆ ಒಂದು ಕಡೆ ಒರೆಸಿಹೋಗಿದೆ.

ಮೊದಲು ಬಂದ ಸೀಗ್ರೇವ್ ಅನ್ನುವ ಪೊಲೀಸ್ ಅಧಿಕಾರಿ ಇದನ್ನು ನೋಡುತ್ತಾನೆ. ಕೆಲಸದ ಹೆಂಗಸರೆಲ್ಲ ಬೆಳಿಗ್ಗೆ ಕೋಣೆಗೆ ನುಗ್ಗಿದ್ದರು, ಯಾರದೋ ಲಂಗ ತಗುಲಿರಬೇಕು, ಇದೆಲ್ಲ ಸಣ್ಣ ವಿಷಯ ಅಂತ ಬಿಟ್ಟುಬಿಡುತ್ತಾನೆ. ಆಮೇಲೆ ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಒಣಕಲು ಮನುಷ್ಯ, ಗುಲಾಬಿ ಗಿಡಗಳ ಹುಚ್ಚ. ಬಂದವನು ವಜ್ರದ ಬಗ್ಗೆ ಕೇಳುವುದಕ್ಕೆ ಮೊದಲು ಬಣ್ಣದ ಬಗ್ಗೆ ಕೇಳುತ್ತಾನೆ. ಇದು ಒಣಗುವುದಕ್ಕೆ ಎಷ್ಟು ಹೊತ್ತು ಬೇಕು?

ಹನ್ನೆರಡು ಗಂಟೆ ಅನ್ನುತ್ತಾನೆ ಬ್ಲೇಕ್. ಆ ಒಂದು ಮೂಲೆ ಬಳಿದು ಮುಗಿಸಿದ್ದು ಬುಧವಾರ ಮಧ್ಯಾಹ್ನ ಮೂರಕ್ಕೆ. ಅಂದರೆ ಗುರುವಾರ ಬೆಳಗಿನ ಜಾವ ಮೂರಕ್ಕೆ ಬಣ್ಣ ಒಣಗಿರಬೇಕು. ಕೆಲಸದ ಹೆಂಗಸರು ನುಗ್ಗಿದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಬಣ್ಣ ಒಣಗಿ ಎಂಟು ಗಂಟೆಯಾಗಿತ್ತು. ಯಾವ ಲಂಗ ತಗುಲಿದರೂ ಕಲೆಯಾಗುತ್ತಿರಲಿಲ್ಲ. ಸೀಗ್ರೇವ್ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನೊಂದು ತುದಿ ಬೇಕಲ್ಲ? ಮನೆಯ ಮುದುಕ ಮೇಲ್ವಿಚಾರಕ ಬೆಟರೆಜ್‌ನ ಮಗಳು ಪೆನೆಲೊಪಿ ರಾತ್ರಿ ಹನ್ನೆರಡಕ್ಕೆ ಆ ಬಾಗಿಲನ್ನು ನೋಡಿದ್ದಾಳೆ. ಆಗ ಚಿತ್ತಾರ ಸರಿಯಾಗಿತ್ತು. ಹಾಗಾದರೆ ಬಣ್ಣ ಒರೆಸಿಹೋದದ್ದು ರಾತ್ರಿ ಹನ್ನೆರಡರಿಂದ ಮೂರರ ನಡುವೆ. ಆ ಹೊತ್ತಿನಲ್ಲಿ ಯಾರೋ ಬಾಗಿಲು ದಾಟಿದ್ದಾರೆ, ಅವರ ಬಟ್ಟೆಗೆ ಬಣ್ಣ ಹತ್ತಿದೆ. ಆ ಬಟ್ಟೆ ಯಾವುದು, ಯಾರದು, ಅಷ್ಟು ಹೊತ್ತಿನಲ್ಲಿ ಅವರಿಗೆ ಆ ಕೋಣೆಯಲ್ಲಿ ಏನು ಕೆಲಸ?

ಕಫ್ ಒಗೆಯುವ ಬಟ್ಟೆಯ ಪುಸ್ತಕ ತರಿಸುತ್ತಾನೆ. ಯಾವ ಬಟ್ಟೆ ಪಟ್ಟಿಯಲ್ಲಿದ್ದು ಮನೆಯಲ್ಲಿ ಇಲ್ಲವೋ ಅದು ಅವನಿಗೆ ಬೇಕಾದ ಬಟ್ಟೆ. ಮನೆಯವರು, ಆಳುಗಳು, ಅತಿಥಿಗಳು ಎಲ್ಲರ ಬಟ್ಟೆಯನ್ನೂ ನೋಡೋಣ, ಆಗ ಯಾರಿಗೂ ಅವಮಾನವಿಲ್ಲ ಅನ್ನುತ್ತಾನೆ. ಎಲ್ಲರೂ ಒಪ್ಪುತ್ತಾರೆ. ವಜ್ರ ಕಳಕೊಂಡ ರೇಚಲ್ ಮಾತ್ರ ಒಪ್ಪುವುದಿಲ್ಲ. ಅವಳ ಬಟ್ಟೆ ಬೀರು ತೆಗೆಯಕೂಡದು. ಯಾಕೆ? ಇಲ್ಲಿಂದ ಮುಂದೆ ನೀವೇ ಓದಿಕೊಳ್ಳಿ.

ಈ ಭಾಗ ಓದಿದ ರಾತ್ರಿ ಚಿಕ್ಕಮ್ಮ ಫೋನ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹತ್ತು ಗಂಟೆ ದಾಟಿತ್ತು. ಅಷ್ಟು ಹೊತ್ತಿನಲ್ಲಿ ಅವರ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. "ಏನಿಲ್ಲ ಕಣೇ, ನನ್ನ ದೋಬಿ ಲೆಕ್ಕದ ಪುಸ್ತಕ ನೋಡಿದ್ದೀಯಲ್ಲ?" ಅಂದರು. ನೋಡದೆ ಏನು. ಅವರ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಒಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಪಂಚೆ ಇಷ್ಟು, ದಿಂಬಿನ ಚೀಲ ಇಷ್ಟು, ಸೀರೆ ಇಷ್ಟು, ಪಕ್ಕದಲ್ಲಿ ವಾಪಸು ಬಂದದ್ದಕ್ಕೆ ಗುರುತು. "ಆ ಪುಸ್ತಕ ಇಟ್ಟುಕೊಂಡು ನಮ್ಮನೇಲಿ ಯಾರು ಎಲ್ಲಿಗೆ ಹೋಗಿದ್ರು, ಯಾರಿಗೆ ಹುಷಾರಿರಲಿಲ್ಲ, ಯಾವ ನೆಂಟರು ಎಷ್ಟು ದಿನ ಇದ್ರು ಎಲ್ಲಾ ಹೇಳಬಹುದಿತ್ತು. ಈ ಕಫ್ ಸರಿಯಾದ ಕಡೆ ಕೈ ಹಾಕಿದಾನೆ. ಆದ್ರೆ ಒಂದು ತಪ್ಪು ಮಾಡ್ತಿದಾನೆ." ಏನು ಅಂದೆ. "ಬಾಗಿಲು ದಾಟಿದೋರು ಯಾರು ಅಂತ ಗೊತ್ತಾದ್ರೆ ಕದ್ದೋರು ಗೊತ್ತಾದ ಹಾಗೆ ಅಂದ್ಕೊಂಡಿದಾನೆ. ಬಣ್ಣ ಹತ್ತಿದ್ದಕ್ಕೆ ಕಳ್ಳರು ಆಗ್ತಾರಾ?"

ಅವರು ಪುಸ್ತಕದ ಕೊನೆಯನ್ನು ಊಹಿಸಿರಲಿಲ್ಲ, ಆಮೇಲೆ ಅವರಿಗೂ ದೊಡ್ಡ ಪೆಟ್ಟೇ ಬಿತ್ತು. ಆದರೆ ರಕ್ತಕ್ಕೂ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಹಿಡಿದಿದ್ದರು. ರಕ್ತದ ಕಲೆ ಸುಮ್ಮನಿರುವುದಿಲ್ಲ. ಇಲ್ಲಿ ಹಿಂಸೆ ನಡೆದಿದೆ, ಇದನ್ನು ತೊಟ್ಟವರು ಅಲ್ಲಿದ್ದರು ಅಂತ ತಾನೇ ತೀರ್ಪು ಕೊಟ್ಟುಬಿಡುತ್ತದೆ. ರೋಡ್ ಹಳ್ಳಿಯ ನೈಟ್‌ಗೌನ್ ಸಿಕ್ಕಿದ್ದರೆ ಅಲ್ಲಿಗೆ ಮೊಕದ್ದಮೆ ಮುಗಿಯುತ್ತಿತ್ತು. ಬಣ್ಣದ ಕಲೆ ಹೇಳುವುದು ಬಹಳ ಕಡಿಮೆ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನೊಳಗೆ ಈ ಬಟ್ಟೆ ಈ ಬಾಗಿಲಿಗೆ ತಗುಲಿತು, ಅಷ್ಟೆ. ಯಾಕೆ ತಗುಲಿತು ಅನ್ನುವುದು ಖಾಲಿ. ಆ ಖಾಲಿ ಜಾಗವನ್ನು ಕಫ್ ಒಂದು ಥರ ತುಂಬುತ್ತಾನೆ, ರೇಚಲ್ ಒಂದು ಥರ, ನಾವು ಇನ್ನೊಂದು ಥರ. ನಮ್ಮ ಕೈಯಲ್ಲಿರುವ ಸಂಗತಿ ಪೂರ್ತಿ ನಿಜ, ಅದಕ್ಕೆ ನಾವು ಕೊಟ್ಟ ಅರ್ಥ ಮಾತ್ರ ಸುಳ್ಳು. ಒಳ್ಳೆಯ ತಿರುವು ಕೂತಿರುವುದು ಇಂಥ ಸಂದಿಯಲ್ಲಿ. ಅಲ್ಲಿ ರಕ್ತ ಚೆಲ್ಲಿದರೆ ಸಂದಿಯೇ ಮುಚ್ಚಿಹೋಗುತ್ತದೆ.

ಕಾಲಿನ್ಸ್ ಇನ್ನೂ ಒಂದು ಕೆಲಸ ಮಾಡಿದ್ದಾರೆ. ಕಥೆಯನ್ನು ಒಬ್ಬರ ಬಾಯಲ್ಲಿ ಹೇಳಿಸಿಲ್ಲ. ಬೆಟರೆಜ್ ಸ್ವಲ್ಪ, ಮತಪ್ರಚಾರದ ಕರಪತ್ರ ಹಂಚುತ್ತಾ ಎಲ್ಲರ ತಲೆ ತಿನ್ನುವ ಮಿಸ್ ಕ್ಲ್ಯಾಕ್ ಸ್ವಲ್ಪ, ವಕೀಲರು ಸ್ವಲ್ಪ, ಹೀಗೆ. ಪ್ರತಿಯೊಬ್ಬರೂ ತಾವು ಕಂಡದ್ದನ್ನು ಮಾತ್ರ ಬರೆಯಬೇಕು ಅನ್ನುವುದು ನಿಯಮ. ಬೆಟರೆಜ್‌ಗೆ ಕಷ್ಟ ಬಂದಾಗೆಲ್ಲ 'ರಾಬಿನ್ಸನ್ ಕ್ರೂಸೋ' ತೆಗೆದು ಭವಿಷ್ಯ ನೋಡುವ ಚಟ. ಅವನ ಮಾತಿಗೆ ನಗುತ್ತಾ ನಗುತ್ತಾ ಅವನು ನೋಡದೆ ಬಿಟ್ಟದ್ದನ್ನು ನಾವೂ ನೋಡದೆ ಬಿಡುತ್ತೇವೆ.

ಶ್ರೀರಂಗಪಟ್ಟಣದ ಆ ರಾತ್ರಿ

ವಜ್ರ ಇಂಗ್ಲೆಂಡಿಗೆ ಹೋದದ್ದು ನಮ್ಮ ಊರಿನಿಂದ. ಕಾದಂಬರಿಯ ಮೊದಲ ಸಾಲುಗಳು ಬಿಚ್ಚಿಕೊಳ್ಳುವುದೇ 1799ರ ಮೇ 4ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ. ವಜ್ರ ಸೋಮನಾಥದ ಚಂದ್ರ ದೇವರದ್ದು, ಕೈಯಿಂದ ಕೈಗೆ ದಾಟಿ ಟಿಪ್ಪುವಿನ ಆಯುಧಶಾಲೆಯ ಕಠಾರಿಯ ಹಿಡಿಗೆ ಬಂದು ಕೂತಿದೆ ಅನ್ನುವುದು ಕಾಲಿನ್ಸ್ ಕಟ್ಟಿದ ಕಥೆ. ಕೋಟೆ ಬಿದ್ದದ್ದು, ಜನರಲ್ ಬೇರ್ಡ್ ಮುಂದೆ ನಿಂತು ದಾಳಿ ನಡೆಸಿದ್ದು, ಆಮೇಲೆ ಸಿಪಾಯಿಗಳು ಊರನ್ನು ದೋಚಿದ್ದು ಇವೆಲ್ಲ ನಡೆದ ಸಂಗತಿ.

ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಹಿಂಸೆ ಇರಬಹುದಾದ ಜಾಗ ಇದು. ಕಾಲಿನ್ಸ್ ಇದನ್ನು ಹೇಗೆ ತೋರಿಸಿದ್ದಾರೆ ಗೊತ್ತಾ? ಹೇಳುವವನು ಹರ್ನ್‌ಕಾಸಲ್ ಅನ್ನುವ ಅಧಿಕಾರಿಯ ಸೋದರ ಸಂಬಂಧಿ. ಗಲಾಟೆ ಕೇಳಿ ಆಯುಧಶಾಲೆಯ ಬಾಗಿಲಿಗೆ ಓಡಿ ಬರುತ್ತಾನೆ. ಅಷ್ಟರಲ್ಲಿ ಎಲ್ಲ ಆಗಿಹೋಗಿದೆ. ಹರ್ನ್‌ಕಾಸಲ್ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ಸೋರುವ ಕಠಾರಿ ಹಿಡಿದು ನಿಂತಿದ್ದಾನೆ. ಕಾವಲಿನವರು ಬಿದ್ದಿದ್ದಾರೆ, ಒಬ್ಬ ಸಾಯುತ್ತಾ ಶಾಪದ ಮಾತು ಹೇಳುತ್ತಾನೆ. ಕೊಂದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಕಾಣಲಿಲ್ಲವಾದ್ದರಿಂದ ಸಂಬಂಧಿ ಆರೋಪವನ್ನೂ ಮಾಡಲಾರ. ಮನೆಯವರಿಗೆ ಒಂದು ಕಾಗದ ಬರೆದು ಸುಮ್ಮನಾಗುತ್ತಾನೆ. ಹೊಸ ಥ್ರಿಲ್ಲರ್ ಆಗಿದ್ದರೆ ನಮ್ಮನ್ನು ಆ ಕೋಣೆಯೊಳಗೇ ನಿಲ್ಲಿಸುತ್ತಿತ್ತು. ಇಲ್ಲಿ ಬಾಗಿಲಲ್ಲಿ ನಿಲ್ಲಿಸಿದೆ. ಹಾಗಾಗಿ ಓದುಗನಿಗೆ ಉಳಿದದ್ದು ಗಾಯವಲ್ಲ, ಒಂದು ಅನುಮಾನ.

ಪುಸ್ತಕ ಮುಗಿದ ಮೇಲೆ ಚಿಕ್ಕಮ್ಮನನ್ನು ಶ್ರೀರಂಗಪಟ್ಟಣಕ್ಕೆ ಕರಕೊಂಡು ಹೋಗಿದ್ದೆ. ನೂರು ಸಲ ನೋಡಿದ ಊರು. ಟಿಪ್ಪುವಿನ ಹೆಣ ಸಿಕ್ಕಿದ ಜಾಗದ ಕಲ್ಲಿನ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರು ಕೊಡೆ ಹಿಡಿದು, ಬಿದ್ದುಹೋದ ಅರಮನೆಯ ಕಡೆ ಹೊರಟು, "ಆಯುಧಶಾಲೆ ಎಲ್ಲಿತ್ತು?" ಅಂತ ಕಾವಲಿನವನನ್ನು ಕೇಳಿದರು. ಅವನು ಯಾವುದೋ ಒಂದು ದಿಕ್ಕಿಗೆ ಕೈ ತೋರಿಸಿದ. ನನಗೆ ಆ ಪುಸ್ತಕದ ಮೇಲೆ ಒಂದು ಅಸಮಾಧಾನ ಇದ್ದೇ ಇದೆ. ವಜ್ರ ಕಾಯುವ ಮೂವರು ಬ್ರಾಹ್ಮಣರಿಗೆ ಅದರಲ್ಲಿ ಹೆಸರಿಲ್ಲ, ಮಾತೂ ಕಡಿಮೆ, ಬಹಳ ಹೊತ್ತು ಅವರು ಬೇಲಿಯಾಚೆಯ ನೆರಳುಗಳು. ಆದರೆ 1857 ಕಳೆದು ಹನ್ನೊಂದೇ ವರ್ಷದಲ್ಲಿ, ಭಾರತೀಯರೆಂದರೆ ಇಂಗ್ಲಿಷ್ ಪತ್ರಿಕೆಗಳು ಕೆಂಡ ಕಾರುತ್ತಿದ್ದ ಕಾಲದಲ್ಲಿ, ನಾವು ಕಣ್ಣಾರೆ ಕಾಣುವ ಮೊದಲ ಕಳ್ಳ ಇಂಗ್ಲಿಷ್ ಅಧಿಕಾರಿಯೇ ಅಂತ ಬರೆದು ಶುರುಮಾಡಿದ್ದು ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 'ಮೂನ್‌ಸ್ಟೋನ್'ನಲ್ಲಿ ಒಂದು ಆತ್ಮಹತ್ಯೆ ಇದೆ. ವರ್ಣನೆ ಇಲ್ಲ, ಆದರೆ ದುಃಖ ಬಹಳ. ಕೊನೆಯ ಹತ್ತಿರ ಒಂದು ಸಾವೂ ಇದೆ, ರಕ್ತ ಇಲ್ಲದ್ದು. ಗ್ರಾಫಿಕ್ ಅಲ್ಲ ಅಂದ ಮಾತ್ರಕ್ಕೆ ಮನಸ್ಸಿಗೆ ತಟ್ಟುವುದಿಲ್ಲ ಅಂತಲ್ಲ.

ಹೆಣ ಬೇಕೇ ಬೇಕು ಅಂದವರು

ಎಸ್. ಎಸ್. ವ್ಯಾನ್ ಡೈನ್ ಅನ್ನುವ ಅಮೆರಿಕದ ಲೇಖಕ 1928ರಲ್ಲಿ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮ ಬರೆದ. ಏಳನೆಯದು: ಹೆಣ ಇರಲೇಬೇಕು. ಕೊಲೆಗಿಂತ ಸಣ್ಣ ಅಪರಾಧಕ್ಕೆ ಮುನ್ನೂರು ಪುಟ ಜಾಸ್ತಿಯಾಯಿತು ಅನ್ನುವುದು ಅವನ ವಾದ. ಇದನ್ನು ಸುಮ್ನೆ ತಳ್ಳಿಹಾಕಲಾಗದು. ಕಾನನ್ ಡಾಯ್ಲ್‌ನ ಹೋಮ್ಸ್ ಕಥೆಗಳಲ್ಲಿ ಎಷ್ಟೋ ಕಡೆ ಕೊಲೆ ಇಲ್ಲ. ಕೆಂಪು ಕೂದಲಿದ್ದ ಒಂದೇ ಕಾರಣಕ್ಕೆ ಒಬ್ಬನಿಗೆ ವಾರಕ್ಕೆ ನಾಲ್ಕು ಪೌಂಡ್ ಕೊಟ್ಟು ವಿಶ್ವಕೋಶ ನಕಲು ಮಾಡಿಸುವ ಕಥೆ ಯಾರಿಗೆ ನೆನಪಿಲ್ಲ? ಆದರೆ ಅದು ಸಣ್ಣ ಕಥೆ. ಇಪ್ಪತ್ತು ಮೂವತ್ತು ಪುಟಕ್ಕೆ ಬರೀ ಕುತೂಹಲ ಸಾಕಾಗುತ್ತದೆ. ಕಾದಂಬರಿಗೆ ಏನಾದರೂ ಪಣಕ್ಕಿರಬೇಕು.

ಅದು ಜೀವವೇ ಆಗಬೇಕಾಗಿಲ್ಲ ಅಂತ ತೋರಿಸಿದವರು ಜೋಸೆಫಿನ್ ಟೇ. 1948ರ 'ದ ಫ್ರಾಂಚೈಸ್ ಅಫೇರ್'ನಲ್ಲಿ ಕೊಲೆಯೇ ಇಲ್ಲ. ಊರಾಚೆಯ ಒಂಟಿ ಮನೆಯಲ್ಲಿ ವಯಸ್ಸಾದ ತಾಯಿ, ಮದುವೆಯಾಗದ ಮಗಳು. ಒಂದು ದಿನ ಪೊಲೀಸರು ಹದಿನೈದು ವರ್ಷದ ಹುಡುಗಿಯನ್ನು ಕರಕೊಂಡು ಬರುತ್ತಾರೆ. ಇವರಿಬ್ಬರು ನನ್ನನ್ನು ಅಟ್ಟದಲ್ಲಿ ಕೂಡಿಹಾಕಿ, ಮನೆಗೆಲಸ ಮಾಡು ಅಂತ ಹೊಡೆದರು ಅನ್ನುತ್ತಾಳೆ ಆಕೆ. ಅಟ್ಟ ಹೇಗಿದೆ, ಒಳಗೆ ಏನೇನು ಸಾಮಾನಿದೆ ಅಂತ ವಿವರವಾಗಿ ಹೇಳುತ್ತಾಳೆ, ಎಲ್ಲ ಸರಿಹೊಂದುತ್ತದೆ. ಅವಳನ್ನು ಈ ಜನ್ಮದಲ್ಲಿ ನೋಡಿಲ್ಲ ಅನ್ನುತ್ತಾರೆ ಮನೆಯವರು. ಒಂದು ಕಡೆಯವರು ಸುಳ್ಳು ಹೇಳುತ್ತಿರಲೇಬೇಕು. ಆಸ್ತಿ ಪತ್ರ ಬರೆದುಕೊಂಡು ಹಾಯಾಗಿದ್ದ ಊರಿನ ವಕೀಲ ರಾಬರ್ಟ್ ಬ್ಲೇರ್ ಇದರಲ್ಲಿ ಸಿಕ್ಕಿಬೀಳುತ್ತಾನೆ. ಒಂದು ಪತ್ರಿಕೆ ಹುಡುಗಿಯ ಪರ ಹುಯಿಲೆಬ್ಬಿಸುತ್ತದೆ, ಊರು ಆ ಮನೆಯ ಮೇಲೆ ತಿರುಗಿಬೀಳುತ್ತದೆ. ಇಲ್ಲಿ ಪಣಕ್ಕಿರುವುದು ಮಾನ. ನಮ್ಮ ಕಡೆ ಊರಬಾಯಿ ಅಂದರೆ ಏನು ಅಂತ ಗೊತ್ತಿರುವವರಿಗೆ ಇದು ಹೆಣಕ್ಕಿಂತ ಹೆಚ್ಚು ಬಿಗಿ ಹಿಡಿಯುತ್ತದೆ. ಇದರ ಹಿಂದೆಯೂ ಒಂದು ನಿಜ ಪ್ರಕರಣ ಇದೆ. 1753ರಲ್ಲಿ ಲಂಡನ್ನಿನ ಎಲಿಜಬೆತ್ ಕ್ಯಾನಿಂಗ್ ಅನ್ನುವ ಕೆಲಸದ ಹುಡುಗಿ ಹೀಗೇ ಸುಮಾರು ಒಂದು ತಿಂಗಳು ಕಾಣೆಯಾಗಿ ಬಂದು, ತನ್ನನ್ನು ಕೂಡಿಹಾಕಿದ್ದರು ಅಂದಿದ್ದಳು. ಮುಂದಿನ ವರ್ಷ ಸುಳ್ಳು ಸಾಕ್ಷಿಯ ಆರೋಪ ಸಾಬೀತಾಗಿ ಅವಳನ್ನು ಅಮೆರಿಕಕ್ಕೆ ಗಡೀಪಾರು ಮಾಡಿದರು.

ಟೇ ಅವರ ಪುಸ್ತಕದಲ್ಲಿ ನನಗೆ ಹಿಡಿಸದ ಒಂದು ಚಾಳಿ ಇದೆ. ಕಣ್ಣಿನ ಬಣ್ಣ ನೋಡಿ ಸ್ವಭಾವ ಹೇಳುವುದು, ಬಡ ಮನೆಯವರ ಬಗ್ಗೆ ಒಂಥರಾ ತಾತ್ಸಾರ. ಸಹಿಸಿಕೊಂಡು ಓದಬೇಕು.

ಕೊಳ್ಳುವ ಮೊದಲು

ಮುಖಪುಟ, ಬೆನ್ನಮೇಲಿನ ಮಾತು ನಂಬುವಂತಿಲ್ಲ. ನಾನು ಮೊದಲ ಅಧ್ಯಾಯದ ನಾಲ್ಕಾರು ಪುಟ ಓದಿ ನೋಡುತ್ತೇನೆ. ಶುರುವಿನಲ್ಲೇ ಓರೆ ಅಕ್ಷರದಲ್ಲಿ, ಹೆಸರಿಲ್ಲದ ಕೊಲೆಗಾರನ ಮನಸ್ಸಿನೊಳಗಿಂದ ಬರೆದ ಎರಡು ಪುಟ ಇದ್ದರೆ ಆ ಪುಸ್ತಕ ಚಿಕ್ಕಮ್ಮನಿಗಲ್ಲ. ಅಂಥ ಪುಟಗಳು ಒಮ್ಮೆ ಬಂದು ನಿಲ್ಲುವುದಿಲ್ಲ, ಐದಾರು ಅಧ್ಯಾಯಕ್ಕೊಮ್ಮೆ ಮರಳಿ ಬರುತ್ತವೆ, ಪ್ರತಿ ಸಲವೂ ಯಾರಿಗೋ ನೋವಾಗುತ್ತದೆ. ಆಮೇಲೆ ಪತ್ತೇದಾರ ಏನನ್ನು ಓದುತ್ತಾನೆ ಅಂತ ನೋಡುತ್ತೇನೆ. ಅವನು ರೈಲಿನ ವೇಳಾಪಟ್ಟಿ, ಉಯಿಲು, ಕಾಗದ, ಬಟ್ಟೆ ಲೆಕ್ಕ ಓದುತ್ತಿದ್ದರೆ ನಮಗೆ ಬೇಕಾದ ಪುಸ್ತಕ. ಹೆಣವನ್ನೇ ಓದುತ್ತಿದ್ದರೆ, ಅಂದರೆ ಶವಪರೀಕ್ಷೆಯ ಮೇಜಿನಿಂದಲೇ ಸುಳಿವೆಲ್ಲ ಬರುತ್ತಿದ್ದರೆ, ಹಾರಿಸಿ ಓದಲೂ ಆಗುವುದಿಲ್ಲ. ಹಾರಿಸಿದರೆ ಸುಳಿವು ತಪ್ಪುತ್ತದೆ.

ಲೇಖಕರ ಹೆಸರನ್ನು ಮಾತ್ರ ನೋಡಿ ಕೊಳ್ಳುವುದೂ ಅಪಾಯ. ಅಗಾಥಾ ಕ್ರಿಸ್ಟಿ ಅಂದರೆ ವಿಷ, ಚಹಾ, ಮರ್ಯಾದಸ್ಥ ಕೊಲೆ ಅಂತ ಎಲ್ಲರ ನಂಬಿಕೆ. ಬಹುಪಾಲು ನಿಜ. ಆದರೆ ಅವರ ಅಕ್ಕನ ಗಂಡ ಜೇಮ್ಸ್, ನಿನ್ನ ಕೊಲೆಗಳು ತೀರಾ ನಾಜೂಕಾಗಿಬಿಟ್ಟಿವೆ, ಒಳ್ಳೇ ರಕ್ತ ಹರಿಯುವ ಒಂದು ಕೊಲೆ ಬೇಕು ಅಂತ ದೂರಿದರಂತೆ. ಅವರಿಗಾಗಿಯೇ ಬರೆದದ್ದು 1938ರ 'ಹರ್ಕ್ಯೂಲ್ ಪ್ವಾರೊಸ್ ಕ್ರಿಸ್‌ಮಸ್'. ಅರ್ಪಣೆಯಲ್ಲೇ ಈ ಮಾತಿದೆ. ಹಾಗಾಗಿ ಕ್ರಿಸ್ಟಿಯಲ್ಲಿ ಅದೊಂದನ್ನು ಪಕ್ಕಕ್ಕಿಡಬಹುದು. ಡಾಯ್ಲ್ ವಿಷಯದಲ್ಲೂ ಹಾಗೆ. ಉಪ್ಪು ತುಂಬಿದ ಡಬ್ಬಿಯಲ್ಲಿ ಕಿವಿಗಳು ಬರುವ 'ದ ಕಾರ್ಡ್‌ಬೋರ್ಡ್ ಬಾಕ್ಸ್' ಕಥೆಯನ್ನು ಅವರೇ ಮೊದಲಿಗೆ ಇಂಗ್ಲೆಂಡಿನ ಸಂಕಲನದಿಂದ ಕೈಬಿಟ್ಟಿದ್ದರು.

ಈಗ ಎಲ್ಲರ ಬಾಯಲ್ಲಿರುವ ಜಪಾನಿ ಕಾದಂಬರಿಗಳಲ್ಲಿ ಒಗಟಿನ ಕಸುಬು ನೋಡಿದರೆ ಬೆರಗಾಗುತ್ತದೆ. ಅಲ್ಲೂ ಆರಿಸಿಕೊಳ್ಳಬೇಕು. ಸೋಜಿ ಶಿಮಾದಾ ಅವರ 1981ರ 'ಟೋಕಿಯೊ ಜೋಡಿಯಾಕ್ ಮರ್ಡರ್ಸ್' ಒಗಟಾಗಿ ಅದ್ಭುತ, ಆದರೆ ಶುರುವಾಗುವುದೇ ಹಲವು ಹೆಂಗಸರ ದೇಹದ ಭಾಗ ಸೇರಿಸಿ ಒಬ್ಬಳನ್ನು ಮಾಡುತ್ತೇನೆ ಅನ್ನುವವನ ಬರಹದಿಂದ. ಕೈಗೆತ್ತಿಕೊಳ್ಳುವ ಮೊದಲು ಯೋಚಿಸಿ. ಕೀಗೊ ಹಿಗಾಶಿನೊ ಅವರ 2005ರ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್'ನಲ್ಲಿ ಕೊಲೆ ಮೊದಲಿಗೇ ಕಣ್ಣೆದುರು ನಡೆಯುತ್ತದೆ. ಯಾರು ಕೊಂದರು ಅಂತಲೂ ಗೊತ್ತಾಗಿಬಿಡುತ್ತದೆ. ಆ ಕೆಲವು ಪುಟ ದಾಟಿದರೆ ಆಮೇಲಿನದು ಒಬ್ಬ ಗಣಿತದ ಮೇಷ್ಟ್ರಿಗೂ ಒಬ್ಬ ಭೌತವಿಜ್ಞಾನಿಗೂ ನಡೆಯುವ ಬುದ್ಧಿಯ ಜಗಳ. ತಿರುವು ಇರುವುದು ಓದುಗ ಎಲ್ಲ ಗೊತ್ತು ಅಂದುಕೊಂಡ ಜಾಗದಲ್ಲೇ.

ಇದ್ಯಾವುದೂ ಬೇಡ, ಹಗುರಾಗಿ ಶುರುಮಾಡುತ್ತೇನೆ ಅನ್ನುವವರಿಗೆ ಸತ್ಯಜಿತ್ ರಾಯ್ ಅವರ ಫೆಲುದಾ ಇದ್ದಾನೆ. 1965ರಲ್ಲಿ 'ಸಂದೇಶ್' ಅನ್ನುವ ಮಕ್ಕಳ ಪತ್ರಿಕೆಯಲ್ಲಿ ಶುರುವಾದ, ಚಿಕ್ಕವರನ್ನು ಮನಸ್ಸಿನಲ್ಲಿಟ್ಟು ಬರೆದ ಕಥೆಗಳಾದ್ದರಿಂದ ಘೋರವಾದದ್ದು ಬರುವಂತೆಯೇ ಇರಲಿಲ್ಲ. ಹಳೆಯ ವಿಗ್ರಹ, ಹಸ್ತಪ್ರತಿ, ಹಿಂದಿನ ಜನ್ಮ ನೆನಪಿದೆ ಅನ್ನುವ ಹುಡುಗ, ಇಂಥವುಗಳ ಸುತ್ತ ಕಥೆ ತಿರುಗುತ್ತದೆ. ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ.

ಸದ್ಯ ಚಿಕ್ಕಮ್ಮನ ಕೈಯಲ್ಲಿರುವುದು ಡೊರೊತಿ ಸೇಯರ್ಸ್ ಅವರ 'ಗಾಡಿ ನೈಟ್', 1935ರದು. ಆಕ್ಸ್‌ಫರ್ಡಿನ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಯಾರೋ ಹೊಲಸು ಕಾಗದ ಬರೆಯುತ್ತಿದ್ದಾರೆ, ಪುಸ್ತಕ ಹಾಳುಮಾಡುತ್ತಿದ್ದಾರೆ. ಕೊಲೆ ಇಲ್ಲ. ಒಂದು ಹಲ್ಲೆ ಇದೆ. ಚರ್ಚೆ ಜಾಸ್ತಿ, ಲ್ಯಾಟಿನ್ನೂ ಜಾಸ್ತಿ, ನಡುವಿನ ನೂರು ಪುಟ ನಿಧಾನ. ಅದನ್ನು ಹಿಡಿಯುವ ಮೊದಲು 1930ರ 'ಸ್ಟ್ರಾಂಗ್ ಪಾಯ್ಸನ್' ಓದಿದರೆ ಒಳ್ಳೆಯದು. ನಾಯಕಿ ಹ್ಯಾರಿಯೆಟ್ ವೇನ್ ಯಾರು, ಅವಳಿಗೆ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯ ಮೇಲೆ ಯಾಕೆ ಅಷ್ಟು ಹಿಂಜರಿಕೆ ಅನ್ನುವುದು ಅಲ್ಲಿಂದಲೇ ಗೊತ್ತಾಗಬೇಕು. ಅದರಲ್ಲಿ ಸತ್ತವನು ಪುಸ್ತಕ ಶುರುವಾಗುವ ಮೊದಲೇ ವಿಷದಿಂದ ಸತ್ತಿದ್ದಾನೆ, ಮೊದಲ ಪುಟ ತೆರೆಯುವುದು ನ್ಯಾಯಾಲಯದಲ್ಲಿ. ನ್ಯಾಯಾಧೀಶರ ಮುಂದೆ ಕೆಂಪು ಗುಲಾಬಿಗಳಿವೆ, ರಕ್ತ ಚಿಮ್ಮಿದ ಹಾಗೆ ಕಾಣುತ್ತವೆ. ಕಣ್ಣಿಗೆ ಬೀಳುವ ರಕ್ತ ಅಷ್ಟೆ.